ಮಗ್ಗದ ಎಳೆ ಗಂಟೆಗೆ ಎಷ್ಟು ಸಲ ಕಡಿಯುತ್ತದೆ? ಗ್ಯಾಮಾ ಪ್ರಯರ್ ಲೆಕ್ಕ ಮಾಡಿದ ನನ್ನ ಅನುಭವ

ನಮ್ಮ ಮೇಷ್ಟ್ರು ಗೆರೆಹಾಳೆಯ ಮೇಲೆ ಕೈಯಲ್ಲೇ ಬರೆದುಕೊಟ್ಟ ಲೆಕ್ಕ ಇದು. ವಿದ್ಯುತ್ ಮಗ್ಗದಲ್ಲಿ ಹಾಸಿನ ಎಳೆ ಗಂಟೆಗೆ λ ದರದಲ್ಲಿ ಕಡಿಯುತ್ತದೆ, ಎಣಿಕೆ ಪಾಯ್ಸಾನ್. ಹಳೆಯ ಅನುಭವದಿಂದ λ ~ Gamma(6, 2). ಐದು ಗಂಟೆ ನೋಡಿದಾಗ ಸಿಕ್ಕಿದ್ದು 7, 4, 6, 3, 5. ಈಗ λ ಬಗ್ಗೆ ಏನು ಹೇಳಬಹುದು?

ನಾನು ಮೊದಲು ತಡವರಿಸಿದ್ದು ಆ 2 ಎಂಬ ಅಂಕಿಯಲ್ಲಿ. ಅದು ರೇಟ್ ಆದರೆ ಪ್ರಯರ್ ಸರಾಸರಿ 6/2 = 3, ಸ್ಕೇಲ್ ಆದರೆ 6×2 = 12. ಕೆಲವು ಪುಸ್ತಕಗಳು ಹೀಗೆ, ಕೆಲವು ಹಾಗೆ ಬರೆಯುತ್ತವೆ. ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಸರಾಸರಿ 3’ ಎಂದಿತ್ತು, ಹಾಗಾಗಿ ರೇಟ್ ಎಂದು ಖಾತ್ರಿಯಾಯಿತು.

ಮುಂದಿನದು ಸಲೀಸು. ಪಾಯ್ಸಾನ್ ಲೈಕ್ಲಿಹುಡ್‌ನಲ್ಲಿ λ ಇರುವ ಭಾಗ λ²⁵e^(−5λ), ಪ್ರಯರ್‌ನಲ್ಲಿ λ⁵e^(−2λ). ಗುಣಿಸಿದರೆ λ³⁰e^(−7λ), ಅಂದರೆ Gamma(31, 7). ಐದು ಎಣಿಕೆಗಳಲ್ಲಿ ಒಳಗೆ ಹೋದದ್ದು ಅವುಗಳ ಮೊತ್ತ 25 ಮಾತ್ರ. ಹೊಸ ಸರಾಸರಿ 31/7, ಸುಮಾರು 4.43. ಪ್ರಯರ್‌ನ 2 ಎಂದರೆ ಮೊದಲೇ ಎರಡು ಗಂಟೆ ಮಗ್ಗದ ಮುಂದೆ ನಿಂತು 6 ಸಲ ಎಳೆ ಕಡಿದದ್ದು ನೋಡಿದ ಹಾಗೆ. ಹೀಗೆ ಓದಿಕೊಂಡ ಮೇಲೆ ನನಗೆ ಸೂತ್ರ ಬಾಯಿಪಾಠ ಮಾಡುವ ಅಗತ್ಯ ಬೀಳಲಿಲ್ಲ.

95% ವ್ಯಾಪ್ತಿಗೆ ಪೈಥಾನ್ ತೆರೆದು `gamma.ppf([0.025, 0.975], 31, 7)` ಎಂದು ಹಾಕಿದೆ. ಬಂದದ್ದು ಸುಮಾರು 28ರಿಂದ 50! ಕಂಡದ್ದು ಗಂಟೆಗೆ 5, ನಂಬಿದ್ದು 3. ಉತ್ತರದ ಸರಾಸರಿ ಇವೆರಡರ ನಡುವೆಯೇ ಇರಬೇಕು, ಹಾಗಾಗಿ ತಪ್ಪಾಗಿದೆ ಎಂಬುದು ತಕ್ಷಣ ಗೊತ್ತಾಯಿತು. ಸೈಪೈನಲ್ಲಿ ಆ ಜಾಗದ ಅಂಕಿ ರೇಟೂ ಅಲ್ಲ, ಸ್ಕೇಲೂ ಅಲ್ಲ, `loc`. ಇಡೀ ಹಂಚಿಕೆಯನ್ನೇ 7 ಮುಂದಕ್ಕೆ ತಳ್ಳಿಬಿಡುತ್ತದೆ. ಸರಿಯಾದದ್ದು ಹೀಗೆ:

```
from scipy.stats import gamma
gamma.ppf([0.025, 0.975], a=31, scale=1/7)
```

ಈಗ ಸುಮಾರು 3.01ರಿಂದ 6.12 ಬಂತು.

ಹಾಳೆಯ ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ಕರೆಂಟು ಹೋಗಿ ಐದನೇ ಗಂಟೆಯಲ್ಲಿ ಮಗ್ಗ ಅರ್ಧ ಗಂಟೆ ಮಾತ್ರ ಓಡಿದ್ದರೆ? ನನ್ನ ಕೈ ಆ 5ನ್ನು 10 ಮಾಡಲು ಹೋಯಿತು. ಹಾಗೆ ಮಾಡಿದರೆ Gamma(36, 7), ಸರಾಸರಿ 5.14. ಆದರೆ ಯಾರೂ ಕಾಣದ ಐದು ಕಡಿತ ಅದರಲ್ಲಿ ಸೇರಿಕೊಂಡಿದೆ. ಎಣಿಕೆ ಮುಟ್ಟದೆ ಸಮಯವನ್ನಷ್ಟೇ ತಿದ್ದಬೇಕು: ಓಡಿದ್ದು 4.5 ಗಂಟೆ, ಆದ್ದರಿಂದ Gamma(31, 6.5), ಸರಾಸರಿ 4.77.

ಒಂದೇ ಬೀಮ್‌ನ ನೂಲು ಕೆಟ್ಟಿದ್ದರೆ ಎಳೆಗಳು ಗೊಂಚಲಾಗಿ ಕಡಿಯುತ್ತವೆ, ಆಗ ಪಾಯ್ಸಾನ್ ಹೊಂದುವುದಿಲ್ಲ. ಎಣಿಕೆಗಳ ವೇರಿಯನ್ಸ್ ಸರಾಸರಿಗಿಂತ ಬಹಳ ಹೆಚ್ಚಿದ್ದರೆ ಅದೇ ಸುಳಿವು. ನನ್ನ ಐದು ಗಂಟೆಗಳಲ್ಲಿ ಸರಾಸರಿ 5, ವೇರಿಯನ್ಸ್ 2.5, ಆ ಸುಳಿವೇನೂ ಕಾಣಲಿಲ್ಲ, ಆದರೆ ಐದೇ ಅಂಕಿಗಳಿಂದ ಪಾಯ್ಸಾನ್ ಸರಿ ಎಂದು ಗಟ್ಟಿಯಾಗಿ ಹೇಳಲು ಬರುವುದಿಲ್ಲ.