ಸೀರೆಯನ್ನು ತಕ್ಕಡಿಗೆ ಹಾಕಿದ ಮೇಲೆ

ನನ್ನ ಸೀರೆ ಅಂಗಡಿಯಲ್ಲಿ ಮೊದಲ ಸಲ ಸೀರೆಯನ್ನು ತಕ್ಕಡಿಗೆ ಹಾಕಿದಾಗ ಪಕ್ಕದ ಅಂಗಡಿಯ ಕಾಕಾ ನಕ್ಕುಬಿಟ್ಟರು. "ಇದೇನ್ ಉಳ್ಳಾಗಡ್ಡಿ ಏನೋ ತಮ್ಮಾ, ತೂಗಾಕ?" ಈಗ ಅವರ ಗಲ್ಲಾಪೆಟ್ಟಿಗೆ ಪಕ್ಕದಲ್ಲೂ ಒಂದು ತಕ್ಕಡಿ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತಕ್ಕಡಿ ಹಿಡಿಯೋಕೆ ಕಾರಣ ನಲವತ್ತು ಇಳಕಲ್ ಸೀರೆ. ಒಬ್ಬ ಏಜೆಂಟ್ ಕೈಮಗ್ಗ ಅಂತ ಹೇಳಿ ಒಂದಕ್ಕೆ 1,650 ರೂಪಾಯಿಯಂತೆ ಕೊಟ್ಟ. ಒಟ್ಟು 66,000. ಒಂದು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಬ್ಬ ಅಜ್ಜಿ ಬಂದರು. ಸೀರೆ ಬಿಚ್ಚಿ ಬಣ್ಣ ನೋಡಲಿಲ್ಲ, ದಡಿ ನೋಡಲಿಲ್ಲ. ಸೆರಗು ತಿರುವಿ ಉಗುರು ಆಡಿಸಿ, "ಕೊಂಡಿ ಎಲ್ಲೈತಿ ತಮ್ಮಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊಂಡಿ ಅಂದರೆ ಒಡಲೂ ಸೆರಗೂ ಕೂಡುವ ಜಾಗದ ಕುಣಿಕೆ. ಹಾಸು ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳು. ಇಳಕಲ್ ಕೈಮಗ್ಗದಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ. ಪ್ರತಿ ಸೀರೆಗೂ ಇದು ಹೊಸದಾಗಿ ಆಗಬೇಕು. ಪವರ್‌ಲೂಮ್‌ನಲ್ಲಿ ಉದ್ದಕ್ಕೂ ಒಂದೇ ಹಾಸು ಓಡುತ್ತದೆ. ಹಾಗಾಗಿ ನಾನು ಅಂದೇ ಒಂದು ಸೀರೆಯ ಸೆರಗಿನ ತುದಿಯಿಂದ ಹಾಸಿನ ಎಳೆ ಕಿತ್ತು ನೋಡಿದೆ. ಒಡಲು ಹಸಿರು, ಸೆರಗು ಕೆಂಪು. ಕಿತ್ತ ಎಳೆ ಹಸಿರು! ಕೆಂಪೆಲ್ಲ ಅಡ್ಡಕ್ಕೆ ನೇಯ್ದ ಹೊಕ್ಕಿನದು ಮಾತ್ರ. ಕೊಂಡಿ ಹಾಕಿ ಕೂಡಿಸಿದ ನಿಜವಾದ ಟೋಪ್‌ತೆನಿ ಸೆರಗಿನಲ್ಲಿ ಆ ಎಳೆ ಕೆಂಪಾಗಿ ಬರಬೇಕಿತ್ತು. ಇನ್ನೊಂದನ್ನು ಕಿತ್ತೆ. ಅದೂ ಹಸಿರು.

ದುಡ್ಡು ಹೋಯಿತು. ಆದರೆ ಪ್ರಶ್ನೆ ಉಳಿಯಿತು. ಈ ಸೀರೆಗೆ ಸರಿಯಾದ ಬೆಲೆ ಎಷ್ಟು? ಕೈಮಗ್ಗದ್ದಾಗಿದ್ದರೆ ಎಷ್ಟು? "ಕೈಮಗ್ಗ ಅಂದ್ರೆ ಎರಡು ಪಟ್ಟು" ಅಂತ ಎಲ್ಲರೂ ಹೇಳುತ್ತಾರೆ. ಯಾವುದರ ಎರಡು ಪಟ್ಟು ಅಂತ ಕೇಳಿದರೆ ಯಾರೂ ಹೇಳೋಲ್ಲ.

ನಾನು ಮಾಡಿದ್ದು ಇಷ್ಟೇ. ನೂಲಿನ ದುಡ್ಡು, ಜರಿಯ ದುಡ್ಡು, ಕೂಲಿ, ಈ ಮೂರನ್ನೂ ಬೇರೆ ಬೇರೆ ಬರೆದೆ. ಹತ್ತಿ ಒಡಲು, ದಡಿಗೂ ಸೆರಗಿಗೂ ಕೃತಕ ರೇಷ್ಮೆ ಇರುವ ಸಾದಾ ಇಳಕಲ್ ತಗೊಳ್ಳಿ. ತೂಕ ಸುಮಾರು 450 ಗ್ರಾಂ, ನೂಲಿನ ದುಡ್ಡು ಸಿಗೋದು ಅದರಿಂದಲೇ. ಆಗಿನ ದರದಲ್ಲಿ ನೂಲು, ಬಣ್ಣ ಎಲ್ಲ ಸೇರಿ ಕೈಮಗ್ಗಕ್ಕೆ 350, ಪವರ್‌ಲೂಮ್‌ಗೆ ಸಗಟು ಖರೀದಿಯಲ್ಲಿ 300. ಕೈಮಗ್ಗದಲ್ಲಿ ನೇಯ್ಗೆ ಕೂಲಿ 700ರ ಹತ್ತಿರ, ಹಾಸು ಹೂಡೋದು, ಕೊಂಡಿ ಕೂಡಿಸೋದು ಅಂತ ಇನ್ನೊಂದು 250. ಪವರ್‌ಲೂಮ್‌ನಲ್ಲಿ ಕೂಲಿ, ಕರೆಂಟು, ಬಾಡಿಗೆ ಎಲ್ಲ ಸೇರಿ 200 ಹಿಡಿಯಿರಿ. ಒಂದು 1,300ಕ್ಕೆ ನಿಂತಿತು, ಇನ್ನೊಂದು 500ಕ್ಕೆ. ನಡುವಿನವರ ಲಾಭ, ಅಂಗಡಿ ಲಾಭ ಕೂಡಿಸಿದರೆ 2,100 ಮತ್ತು 750. ಅಂತರ 1,350. ಅದರಲ್ಲಿ ನೂಲಿನ ಪಾಲು ನೂರು ರೂಪಾಯಿಯೂ ಇಲ್ಲ. ಉಳಿದದ್ದೆಲ್ಲ ಕೈಕೂಲಿ, ಅದರ ಮೇಲೆ ಕೂತ ಲಾಭ. ನನ್ನ ಏಜೆಂಟ್ ಮಾರಿದ್ದು ಅದನ್ನೇ: ಯಾರೂ ಮಾಡದ ಕೆಲಸದ ಕೂಲಿ.

ಇದು ಒಂದೇ ಸಲಕ್ಕೆ ಸರಿ ಬಂತು ಅಂದುಕೊಳ್ಳಬೇಡಿ. ಮೊದಲು ಗಂಜಿ ನನಗೆ ಮೋಸ ಮಾಡಿತು. ಪವರ್‌ಲೂಮ್ ಸೀರೆ ಕೈಮಗ್ಗದ್ದಕ್ಕಿಂತ ಭಾರ ತೂಗುತ್ತಿತ್ತು. ನೂಲು ಜಾಸ್ತಿ ಹಾಕಿದ್ದಾರೆ ಅಂದುಕೊಂಡು ಒಂದು ತಿಂಗಳು ಲೆಕ್ಕ ತಪ್ಪಿಸಿಕೊಂಡೆ. ಕೊನೆಗೆ ಒಂದನ್ನು ಬಿಸಿನೀರಲ್ಲಿ ನೆನೆಸಿ, ಒಗೆದು, ಒಣಗಿಸಿ ತೂಗಿದೆ. 60 ಗ್ರಾಂ ನೀರಿಗೆ ಹೋಗಿತ್ತು! ಈಗ ಪ್ರತಿ ಲಾಟಿನಿಂದ ಒಂದನ್ನು ಒಗೆದೇ ತೂಗುತ್ತೇನೆ. ಆ ಸೀರೆ ಆಮೇಲೆ ಮನೆಯವಳ ಪಾಲು. ಅವಳ ಕಡೆಯಿಂದ ಈ ವಿಧಾನಕ್ಕೆ ವಿರೋಧ ಇಲ್ಲ.

ಎರಡನೇ ತಪ್ಪು ರೇಷ್ಮೆಯಲ್ಲಿ. ಸೀರೆ 450 ಗ್ರಾಂ ಇದ್ದರೆ 450 ಗ್ರಾಂ ರೇಷ್ಮೆ ದರ ಹಾಕಿ ಒಬ್ಬ ನೇಕಾರರ ಜೊತೆ ಚೌಕಾಸಿಗೆ ಕೂತೆ. ಅವರು ಸಿಟ್ಟು ಮಾಡಲಿಲ್ಲ, ಸುಮ್ನೆ ಕೇಳಿದರು: "ಗೋಂದು ಎಲ್ಲಿ ಹೋತ್ರಿ ಅಣ್ಣಾರ?" ಕಚ್ಚಾ ರೇಷ್ಮೆಯನ್ನು ಕುದಿಸಿ ಗೋಂದು ತೆಗೆದಾಗ ಹೆಚ್ಚುಕಡಿಮೆ ಕಾಲು ಭಾಗ ತೂಕ ಹೋಗುತ್ತದೆ. ಅಂದರೆ ಕೈಯಲ್ಲಿರುವ 450 ಗ್ರಾಂಗೆ 600 ಗ್ರಾಂ ಕಚ್ಚಾ ರೇಷ್ಮೆ ಬೇಕು. ನಾನು ಅವರ ಖರ್ಚಿನಲ್ಲಿ 750 ರೂಪಾಯಿ ನುಂಗಿ ಮಾತಾಡುತ್ತಿದ್ದೆ.

ಸರಿ ಮಾಡಿಕೊಂಡ ಮೇಲೆ ರೇಷ್ಮೆಯ ಲೆಕ್ಕ ಬೇರೆಯೇ ಕಂಡಿತು. ಆಗ ಕಚ್ಚಾ ರೇಷ್ಮೆ ಕಿಲೋಗೆ 5,000ದ ಆಸುಪಾಸು. ನೂಲು, ಬಣ್ಣ ಸೇರಿ 3,300. ಇದು ಎರಡೂ ಮಗ್ಗಕ್ಕೆ ಒಂದೇ. ಕೂಲಿ ಕೈಮಗ್ಗಕ್ಕೆ 1,500, ಪವರ್‌ಲೂಮ್‌ಗೆ 400. ಒಟ್ಟು 4,800 ಮತ್ತು 3,700. ಹತ್ತಿಯಲ್ಲಿ ಎರಡೂವರೆ ಪಟ್ಟು ಇದ್ದದ್ದು ಇಲ್ಲಿ ಒಂದೂಕಾಲು ಪಟ್ಟಿಗೆ ಬಂತು. ನೂಲು ದುಬಾರಿ ಆದಷ್ಟೂ ಮಗ್ಗದ ವ್ಯತ್ಯಾಸ ಬೆಲೆಯಲ್ಲಿ ಚಿಕ್ಕದಾಗುತ್ತದೆ. "ರೇಷ್ಮೆ, ಕೈಮಗ್ಗ, ಅದಕ್ಕೇ ಡಬಲ್" ಅಂತ ಯಾರಾದರೂ ಅಂದರೆ ನಾನು ಈಗ ಚಹಾ ಕುಡಿಸಿ ಕಳಿಸುತ್ತೇನೆ.

ಜರಿ ಬಂದರೆ ಲೆಕ್ಕ ತಲೆಕೆಳಗೇ ಆಗಬಹುದು. ಸಣ್ಣ ದಡಿಯ ಒಂದು ರೇಷ್ಮೆ ಸೀರೆ ಇತ್ತು. ಎರಡೂ ದಡಿ ಸೇರಿ 80 ಜರಿ ಎಳೆ. ಐದೂವರೆ ಮೀಟರ್ ಉದ್ದಕ್ಕೆ 440 ಮೀಟರ್ ಜರಿ. ಕುಚ್ಚಿನಿಂದ ಬೆರಳುದ್ದದ ಎಳೆಗಳನ್ನು ಕತ್ತರಿಸಿ ಒಟ್ಟು ಮೂರು ಮೀಟರ್ ಮಾಡಿ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದೆ. 0.2 ಗ್ರಾಂ. ಹಾಗಾದರೆ ಇಡೀ ಸೀರೆಯಲ್ಲಿ ಸುಮಾರು 30 ಗ್ರಾಂ. ಅವರ ಹತ್ತಿರ ಚಿನ್ನ ಪರೀಕ್ಷಿಸುವ ಯಂತ್ರವೂ ಇತ್ತು. ಇದು ಲೋಹವನ್ನು ಮಾತ್ರ ಓದುತ್ತದೆ, ಒಳಗಿನ ರೇಷ್ಮೆ ಎಳೆಯನ್ನಲ್ಲ. ಅದಕ್ಕೆ ಕಾಲು ಭಾಗ ಕಳೆದೆ. ಬೆಳ್ಳಿ 16 ಗ್ರಾಂ, ಚಿನ್ನ 0.15 ಗ್ರಾಂನಷ್ಟು ಬಂತು. ಆಗಿನ ದರದಲ್ಲಿ 2,500 ರೂಪಾಯಿ, ಜರಿ ಮಾಡುವ ಕೂಲಿ ಸೇರಿ 3,000. ಹೊಳೆಯುವ ಪ್ಲಾಸ್ಟಿಕ್ ಜರಿ ಆಗಿದ್ದರೆ ಅದೇ 30 ಗ್ರಾಂಗೆ ನೂರು ರೂಪಾಯಿಯೂ ಆಗುತ್ತಿರಲಿಲ್ಲ.

ಈಗ ಕೂಡಿಸಿ. ಅಸಲಿ ಜರಿಯ ಪವರ್‌ಲೂಮ್ ಸೀರೆ 6,700. ಪ್ಲಾಸ್ಟಿಕ್ ಜರಿಯ ಕೈಮಗ್ಗದ ಸೀರೆ 4,900. ಪವರ್‌ಲೂಮೇ ದುಬಾರಿ! ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯ ಮೈಸೂರು ರೇಷ್ಮೆ ಯಂತ್ರಮಗ್ಗದ್ದು ಅಂತ ಹೇಳಿದರೆ ಗಿರಾಕಿಗಳು ನಂಬೋದೇ ಇಲ್ಲ, ಅಲ್ವಾ? ಅಲ್ಲಿ ದುಡ್ಡು ಇರುವುದು ರೇಷ್ಮೆಯಲ್ಲಿ, ಜರಿಯಲ್ಲಿ.

ಅಕ್ಕಸಾಲಿಗರು ಇಲ್ಲದ ಕಡೆ ಒಂದು ಜರಿ ಎಳೆಯನ್ನು ಸುಡುತ್ತೇನೆ. ಕರಗಿ ಗಟ್ಟಿ ಮಣಿ ಆಗಿ, ಬಿಸಿ ಪ್ಲಾಸ್ಟಿಕ್ ವಾಸನೆ ಬಂದರೆ ಮುಗಿಯಿತು. ಆದರೆ ತಾಮ್ರದ ಮೇಲೆ ಬೆಳ್ಳಿ ಲೇಪ ಇರುವ ಜರಿ, ಒಳಗೆ ಹತ್ತಿ ಎಳೆ ಇದ್ದರೆ, ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ನಾನು ಒಮ್ಮೆ ಹಾಗೇ 9,000 ರೂಪಾಯಿ ಕಳಕೊಂಡೆ. ಈಗ ಅದನ್ನು ಅಂಗಡಿಯಲ್ಲೇ ನಿಂತು ಕಂಡುಹಿಡಿಯುವ ದಾರಿ ಒಂದಿದೆ, ಸೀರೆಗೆ ಕತ್ತರಿ ತಾಗಿಸದೆ. ಅದನ್ನು ಇಲ್ಲಿ ಬರೆಯೋಲ್ಲ. ನನಗೆ ಸೀರೆ ಕೊಡುವವರೂ ಇದನ್ನು ಓದುತ್ತಾರೆ.

ಆ ನಲವತ್ತು ಸೀರೆ ಏನಾಯಿತು ಅಂತ ಕಾಕಾ ಆಗಾಗ ಕೇಳುತ್ತಾರೆ. ಪವರ್‌ಲೂಮ್ ಅಂತ ದಪ್ಪ ಅಕ್ಷರದಲ್ಲಿ ಚೀಟಿ ಹಚ್ಚಿ 750ಕ್ಕೆ ಇಟ್ಟೆ. ಸುಮಾರು 36,000 ಕೈಬಿಟ್ಟು ಹೋಯಿತು, ಆದರೆ ಮೂರು ವಾರದಲ್ಲಿ ಖಾಲಿ. ಒಂದನ್ನು ಆ ಅಜ್ಜಿಯೇ ತಗೊಂಡರು, ಮನೆಕೆಲಸಕ್ಕೆ ಉಡೋಕೆ ಅಂತ. 700ಕ್ಕೆ ಕೇಳಿದರು. ಕೊಟ್ಟೆ.