ಕಾಟನ್ ಯಾಕೆ ಬೇಗ ಒಣಗಲ್ಲ, ಪಾಲಿಯೆಸ್ಟರ್ ಯಾಕೆ ಮೈಗೆ ಅಂಟುತ್ತೆ: ತೂಕ ಮಾಡಿ ನೋಡಿದ್ದು

ಬಟ್ಟೆ ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಮಾಯಿಶ್ಚರ್ ರೀಗೇನ್ ಅಳೆಯುವುದು ಅಲ್ಲಿ ಮಾಮೂಲಿ. ಪೂರ್ತಿ ಒಣಗಿಸಿದ ನಾರು ತನ್ನ ಒಣ ತೂಕದ ಶೇಕಡಾ ಎಷ್ಟು ನೀರನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ ಅನ್ನುವ ಲೆಕ್ಕ ಅದು. ವ್ಯಾಪಾರದಲ್ಲಿ ಹತ್ತಿಗೆ 8.5, ಪಾಲಿಯೆಸ್ಟರ್‌ಗೆ 0.4 ಅಂತ ಹಿಡಿಯುತ್ತಾರೆ. ನೂಲನ್ನು ತೂಕಕ್ಕೆ ಮಾರುವಾಗ ನೀರಿಗೂ ದುಡ್ಡು ಕೊಡಬಾರದಲ್ವಾ, ಅದಕ್ಕೆ. ಈ ಎರಡು ಸಂಖ್ಯೆ ನಾವು ಉಡುವ ಬಟ್ಟೆಯ ಬಗ್ಗೆ ಏನು ಹೇಳುತ್ತವೆ ಅಂತ ನೋಡಬೇಕು ಅನಿಸಿತು. ಬಿಡುವಿದ್ದಾಗ ಎರಡು ತುಂಡು ಬಟ್ಟೆ ಇಟ್ಟುಕೊಂಡು ಕೂತೆ.

ಎರಡೂ ಟೀ ಶರ್ಟಿನ ಹೆಣೆದ ಬಟ್ಟೆ, ಚದರ ಮೀಟರಿಗೆ ಸುಮಾರು 150 ಗ್ರಾಂ ತೂಗುವಂಥದ್ದು. ಒಂದು ಪೂರ್ತಿ ಕಾಟನ್, ಇನ್ನೊಂದು ಪೂರ್ತಿ ಪಾಲಿಯೆಸ್ಟರ್. 20 ಸೆಂಟಿಮೀಟರ್ ಚೌಕ ಕತ್ತರಿಸಿದರೆ ಒಂದೊಂದು ತುಂಡು 6 ಗ್ರಾಂ ಆಸುಪಾಸು ಬರುತ್ತದೆ. ಮೊದಲು ಚೆನ್ನಾಗಿ ತೊಳೆದೆ. ಬಟ್ಟೆಯಲ್ಲಿ ಎಣ್ಣೆ, ಫಿನಿಶ್ ಉಳಿದಿದ್ದರೆ ಓವನ್ನಿನಲ್ಲಿ ಅದೂ ಹಾರಿಹೋಗಿ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಾಟನ್ನಿನಲ್ಲಿ ಇದು ಅಷ್ಟಾಗಿ ಕಾಣಿಸದು. ಪಾಲಿಯೆಸ್ಟರ್‌ನಲ್ಲಿ ನೀರೇ ಅಷ್ಟು ಕಡಿಮೆ ಇರುವಾಗ ಇಂಥ ಚೂರೇ ಉತ್ತರವನ್ನು ಕೆಡಿಸುತ್ತದೆ.

ತೊಳೆದ ತುಂಡುಗಳನ್ನು ಸ್ವಲ್ಪ ಬೆಚ್ಚಗಿನ ಗಾಳಿಯಲ್ಲಿ ಒಣಗಿಸಿ, ಆಮೇಲೆ 65 ಶೇಕಡಾ ತೇವಾಂಶ ಇರುವ ಕೋಣೆಯಲ್ಲಿ ತೂಕ ನಿಲ್ಲುವವರೆಗೆ ಬಿಟ್ಟೆ. ಈ ಕ್ರಮ ಮುಖ್ಯ. ಒದ್ದೆಯಿಂದ ಒಣಗುತ್ತಾ ಬಂದ ಹತ್ತಿ, ಅದೇ ಕೋಣೆಯಲ್ಲಿ, ಒಣದಿಂದ ತೇವ ಎಳೆಯುತ್ತಾ ಬಂದ ಹತ್ತಿಗಿಂತ ಒಂದು ಶೇಕಡಾದಷ್ಟು ಜಾಸ್ತಿ ನೀರು ಇಟ್ಟುಕೊಳ್ಳುತ್ತದೆ. ಅದಕ್ಕೇ ಯಾವಾಗಲೂ ಒಣ ಕಡೆಯಿಂದ ಬರಬೇಕು.

ಆಮೇಲೆ 105 ಡಿಗ್ರಿ ಓವನ್. ತೂಕ ಇಳಿಯುವುದು ನಿಲ್ಲುವವರೆಗೆ ಒಳಗಿಟ್ಟು, ಮುಚ್ಚಳ ಇರುವ ಗಾಜಿನ ಬಾಟಲಿಗೆ ಹಾಕಿ, ಒಳಗಿನ ಗಾಳಿಯನ್ನು ಒಣದಾಗಿಯೇ ಇಡುವ ಡೆಸಿಕೇಟರಿನಲ್ಲಿ ತಣಿಸಿ ತೂಗಬೇಕು. ಮುಚ್ಚಳ ಯಾಕೆ ಅಂತ ಕೇಳಿದರೆ, ಒಮ್ಮೆ ಬೇಕೆಂದೇ ತೆಗೆದು ನೋಡಿ. ಪೂರ್ತಿ ಒಣಗಿದ ಕಾಟನ್ ತುಂಡು ತಕ್ಕಡಿಯ ಮೇಲೆ ಕೂತಿರುವಂತೆಯೇ ಕೊನೆಯ ಅಂಕಿ ಏರುತ್ತಾ ಹೋಗುತ್ತದೆ, ನಿಲ್ಲುವುದೇ ಇಲ್ಲ. ಕೋಣೆಯ ಗಾಳಿಯಲ್ಲಿರುವ ನೀರನ್ನು ಅದು ನಮ್ಮ ಕಣ್ಣೆದುರೇ ಎಳೆದುಕೊಳ್ಳುತ್ತಿರುತ್ತದೆ. ಪಾಲಿಯೆಸ್ಟರ್ ತುಂಡಿನ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಕಾಟನ್ ಕೋಣೆಯಲ್ಲಿ 6.00 ಗ್ರಾಂ ಇದ್ದದ್ದು ಓವನ್ನಿನ ನಂತರ 5.58ಕ್ಕೆ ಬಂತು. ಹೋದ ನೀರು 0.42 ಗ್ರಾಂ. ಅದನ್ನು ಒಣ ತೂಕ 5.58ರಿಂದ ಭಾಗಿಸಿದರೆ ರೀಗೇನ್ 7.5 ಶೇಕಡಾ. ವ್ಯಾಪಾರದ 8.5 ಒಪ್ಪಂದದ ಸಂಖ್ಯೆ, ಅಳೆದಾಗ ಅದಕ್ಕಿಂತ ಸ್ವಲ್ಪ ಕಡಿಮೆ ಬರುವುದು ಸಹಜ. ಪಾಲಿಯೆಸ್ಟರ್ 6.052ರಿಂದ 6.028ಕ್ಕೆ ಇಳಿಯಿತು, ಅಂದರೆ 0.4 ಶೇಕಡಾ. ಇಲ್ಲಿ ಮಿಲಿಗ್ರಾಂ ತೋರಿಸುವ ತಕ್ಕಡಿ ಇಲ್ಲದಿದ್ದರೆ ಸುಮ್ನೆ ಸೊನ್ನೆ ಅಂತ ಬರೆದುಕೊಳ್ಳಬೇಕಾಗುತ್ತದೆ.

ಈಗ ಒಣಗಿಸುವ ವಿಷಯ. ಎರಡನ್ನೂ ನೀರಲ್ಲಿ ನೆನೆಸಿ, ಒಟ್ಟಿಗೇ ಸ್ಪಿನ್ ಮಾಡಿ ತೂಗಿದೆ. ಕಾಟನ್ನಿನಲ್ಲಿ 3.4 ಗ್ರಾಂ ನೀರು ಉಳಿದಿತ್ತು, ಪಾಲಿಯೆಸ್ಟರ್‌ನಲ್ಲಿ 1.2 ಗ್ರಾಂ. ಎರಡನ್ನೂ ಪಕ್ಕಪಕ್ಕದಲ್ಲಿ ನೇತುಹಾಕಿ ಹತ್ತು ನಿಮಿಷಕ್ಕೊಮ್ಮೆ ತೂಗುತ್ತಾ ಬಂದೆ. ಹತ್ತು ನಿಮಿಷದಲ್ಲಿ ಕಾಟನ್ ಕಳೆದುಕೊಂಡದ್ದು 0.7 ಗ್ರಾಂ, ಪಾಲಿಯೆಸ್ಟರ್ ಕಳೆದುಕೊಂಡದ್ದೂ ಹೆಚ್ಚುಕಡಿಮೆ ಅಷ್ಟೇ!

ಪಾಲಿಯೆಸ್ಟರ್ ನೀರನ್ನು ವೇಗವಾಗಿ ಬಿಟ್ಟುಕೊಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಬಟ್ಟೆಯ ಮೇಲ್ಮೈ ಒದ್ದೆ ಇರುವವರೆಗೆ ನೀರು ಆರುವ ವೇಗವನ್ನು ನಿರ್ಧರಿಸುವುದು ಸುತ್ತಲಿನ ಗಾಳಿ, ಅದರ ಬಿಸಿ, ತೇವ, ಓಡಾಟ. ಕೆಳಗೆ ಯಾವ ನಾರಿದೆ ಅನ್ನುವುದು ಆ ನೀರಿಗೆ ಗೊತ್ತಾಗುವುದೇ ಇಲ್ಲ. ಪಾಲಿಯೆಸ್ಟರ್ ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದು ಅದರ ಹತ್ತಿರ ಇದ್ದ ನೀರೇ ಕಡಿಮೆ ಅನ್ನುವುದಕ್ಕೆ.

ಹಾಗಾದರೆ ಕಾಟನ್ ಯಾಕೆ ಅಷ್ಟು ನೀರು ಹಿಡಿದುಕೊಂಡಿತು? ಬರೀ 7.5 ಶೇಕಡಾ ರೀಗೇನಿನಿಂದ 3.4 ಗ್ರಾಂ ಲೆಕ್ಕ ಕೂಡುವುದಿಲ್ಲ, ಅದು 0.42 ಅಷ್ಟೇ. ಎರಡಕ್ಕೂ ಬೇರು ಒಂದೇ. ಹತ್ತಿ ಅಂದರೆ ಸೆಲ್ಯುಲೋಸ್. ಅದರ ಉದ್ದಕ್ಕೂ ಹೈಡ್ರಾಕ್ಸಿಲ್ ಗುಂಪುಗಳಿವೆ, ಅವು ನೀರಿನ ಕಣವನ್ನು ಹಿಡಿಯುತ್ತವೆ. ಗಾಳಿಯ ತೇವದಲ್ಲಿ ಸ್ವಲ್ಪ ಹಿಡಿಯುತ್ತವೆ. ನೀರಲ್ಲಿ ಮುಳುಗಿಸಿದರೆ ನಾರಿನ ಗೋಡೆಯೇ ಊದಿಕೊಂಡು ಒಳಗೆಲ್ಲ ನೀರು ತುಂಬುತ್ತದೆ. ನಾರುಗಳ ಸಂದಿಯಲ್ಲಿರುವ ನೀರನ್ನು ಸ್ಪಿನ್ ಎಸೆಯಬಲ್ಲದು, ಗೋಡೆಯೊಳಗೆ ಸೇರಿದ್ದನ್ನು ಎಸೆಯಲಾರದು. ಪಾಲಿಯೆಸ್ಟರ್‌ನಲ್ಲಿ ನೀರು ಹಿಡಿಯುವ ಜಾಗ ತುಂಬಾ ಕಡಿಮೆ, ನಾರು ಊದುವುದೂ ಇಲ್ಲ. ಇದ್ದ ನೀರೆಲ್ಲ ಸಂದಿಯಲ್ಲೇ ಇರುತ್ತದೆ.

ಇನ್ನೊಂದು ಸಂಗತಿ ಕೊನೆಯಲ್ಲಿ ಕಂಡಿತು. ಕಾಟನ್ ತುಂಡು ನಲವತ್ತು ನಿಮಿಷದವರೆಗೆ ಒಂದೇ ವೇಗದಲ್ಲಿ ಇಳಿದು, ಆಮೇಲೆ ಕುಂಟತೊಡಗಿತು. ಮುಟ್ಟಿದರೆ ಒಣಗಿದಂತೆಯೇ ಇದೆ, ತೂಕ ಮಾತ್ರ ಇನ್ನೂ ಇಳಿಯುತ್ತಿದೆ. ಒಳಗಿನ ನೀರು ಗೋಡೆ ದಾಟಿ ಹೊರಗೆ ಬರಬೇಕು, ಹೈಡ್ರಾಕ್ಸಿಲ್ ಹಿಡಿತದಿಂದ ಬಿಡಿಸಿಕೊಳ್ಳಬೇಕು. ಹೊಲಿಗೆ, ಕಾಲರ್ ಹತ್ತಿರ ಕಾಟನ್ ಅಂಗಿ ಬಹಳ ಹೊತ್ತು ಹಸಿ ಹಸಿ ಇರುವುದಕ್ಕೆ ದಪ್ಪದ ಜೊತೆಗೆ ಈ ಕುಂಟಾಟವೂ ಕಾರಣ.

ಮೈಗೆ ಅಂಟುವ ವಿಷಯಕ್ಕೆ ಒದ್ದೆ ಬಟ್ಟೆಯ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. ಯಾಕಂದರೆ ಬೆವರು ಕಡಿಮೆ ಇರುವಾಗ ಬಟ್ಟೆಗೆ ಆವಿಯಾಗಿಯೇ ತಲುಪುತ್ತದೆ. ಅದಕ್ಕೆ ಒಂದು ಮುಚ್ಚಿದ ಜಾಡಿಯ ತಳದಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಕರಗದೆ ಉಳಿಯುವಷ್ಟು ಹಾಕಿ ನೀರಲ್ಲಿ ಕಲಸಿಟ್ಟೆ. ಅದರ ಮೇಲಿನ ಗಾಳಿ ಸುಮಾರು 93 ಶೇಕಡಾ ತೇವದಲ್ಲಿ ನಿಲ್ಲುತ್ತದೆ. ಬೆವರುವ ಮೈಗೂ ಬಟ್ಟೆಗೂ ನಡುವಿನ ಗಾಳಿ ಹತ್ತಿರ ಹತ್ತಿರ ಹಾಗೇ ಇರುತ್ತದೆ. ತುಂಡುಗಳನ್ನು ನೀರು ತಾಕದ ಹಾಗೆ ಒಳಗೆ ತೂಗುಬಿಟ್ಟೆ. ಕಾಟನ್ 6.00ರಿಂದ 6.41ಕ್ಕೆ ಏರಿತು, ಮುಟ್ಟಿದರೆ ಒದ್ದೆ ಅನಿಸಲಿಲ್ಲ. ಪಾಲಿಯೆಸ್ಟರ್ ಏರಿದ್ದು ಕೆಲವೇ ಮಿಲಿಗ್ರಾಂ.

ಇದನ್ನು 150 ಗ್ರಾಂ ತೂಗುವ ಅಂಗಿಗೆ ಹಿಗ್ಗಿಸಿದರೆ ಕಾಟನ್ ಅಂಗಿ 10 ಗ್ರಾಂ ಆವಿಯನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಸುಮ್ನೆ ಕೂತಿದ್ದಾಗ, ನಿಧಾನಕ್ಕೆ ನಡೆಯುವಾಗ ಅದು ದೊಡ್ಡ ಆಸರೆ. ಪಾಲಿಯೆಸ್ಟರ್ ಅಂಗಿಗೆ ಆ ಜಾಗವೇ ಇಲ್ಲ. ಆವಿ ಬಟ್ಟೆಯ ತೂತುಗಳಿಂದ ಹೊರಗೆ ಹೋಗಬೇಕು. ಹೊರಗೂ ತೇವ ಜಾಸ್ತಿ ಇದ್ದರೆ ಒಳಗೇ ನಿಲ್ಲುತ್ತದೆ, ಬೆವರು ಆರದೆ ಚರ್ಮದ ಮೇಲೇ ತೆಳ್ಳಗೆ ಹರಡುತ್ತದೆ. ನುಣುಪಾದ ಎಳೆಯ ಬಟ್ಟೆ ಆ ನೀರಿನ ಪದರಕ್ಕೆ ಅಂಟಿ ಕೂರುತ್ತದೆ. ನಮ್ಮ ಚರ್ಮದಲ್ಲಿ ಒದ್ದೆ ಗುರುತಿಸುವ ಪ್ರತ್ಯೇಕ ನರವಿಲ್ಲ, ತಂಪು ಮತ್ತು ಅಂಟು ಸೇರಿದಾಗ ಒದ್ದೆ ಅನಿಸುತ್ತದೆ. ಪಾಲಿಯೆಸ್ಟರ್ ಸ್ವಲ್ಪವೇ ನೀರಿನಲ್ಲಿ ಈ ಎರಡನ್ನೂ ಕೊಡುತ್ತದೆ.

ಆದರೆ ಓಡುವಾಗ ಲೆಕ್ಕ ತಿರುಗುತ್ತದೆ. ಬೆವರು ಸುರಿಯತೊಡಗಿದರೆ ಆ 10 ಗ್ರಾಂ ಆಸರೆ ಬೇಗ ಮುಗಿದುಹೋಗುತ್ತದೆ. ಆಮೇಲೆ ಕಾಟನ್ ಭಾರವಾಗಿ ಮೈಗೆ ಬೀಳುತ್ತದೆ, ನಿಂತ ಮೇಲೂ ಬಹಳ ಹೊತ್ತು ತಣ್ಣಗೇ ಇರುತ್ತದೆ. ಎಳೆಗಳ ಸಂದಿಯಲ್ಲಿ ಬೆವರನ್ನು ಹರಡುವಂತೆ ಮಾಡಿದ ಪಾಲಿಯೆಸ್ಟರ್ ಅಲ್ಲಿ ಗೆಲ್ಲುತ್ತದೆ. ಇದು ಹಲವು ಬಟ್ಟೆಗಳಲ್ಲಿ ಮೇಲಿನ ಫಿನಿಶ್‌ನಿಂದ ಬರುವ ಗುಣ, ತೊಳೆದಷ್ಟೂ ಕಡಿಮೆಯಾಗಬಹುದು. ಫ್ಯಾಬ್ರಿಕ್ ಸಾಫ್ಟನರ್ ಹಾಕಿದರೆ ಇನ್ನೂ ಬೇಗ ಕೆಡುತ್ತದೆ. ಗೊತ್ತುಮಾಡಿಕೊಳ್ಳಲು ಒಂದು ಹನಿ ನೀರು ಹಾಕಿ ನೋಡಿ. ಕ್ಷಣದಲ್ಲಿ ಹರಡಿದರೆ ಸರಿ, ಮಣಿಯ ಹಾಗೆ ಕೂತರೆ ಆ ಅಂಗಿ ಬೆವರಿನಲ್ಲಿ ಅಂಟುತ್ತದೆ.