ಕೆಲಸ ಮಾಡಿಕೊಟ್ಟ ಅಧಿಕಾರಿಗೆ ಧನ್ಯವಾದ ಪತ್ರ ಬರೆಯುವುದು ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿದ್ದರೂ ಜಮೀನು ಇನ್ನೂ ಅವರ ಹೆಸರಲ್ಲೇ ಇದೆ. ಪಹಣಿಯಲ್ಲಿ ಬಸಪ್ಪ, ಮರಣ ಪ್ರಮಾಣಪತ್ರದಲ್ಲಿ ದೊಡ್ಡಬಸಪ್ಪ. ಈ ವ್ಯತ್ಯಾಸದಿಂದಾಗಿ ಪೌತಿ ಖಾತೆ ಅರ್ಜಿ ಮುಂದೆ ಹೋಗುತ್ತಲೇ ಇರಲಿಲ್ಲ. ಹೊಸದಾಗಿ ಬಂದ ಗ್ರಾಮ ಆಡಳಿತ ಅಧಿಕಾರಿ ಊರಿಗೇ ಬಂದು, ಅಕ್ಕಪಕ್ಕದ ಜಮೀನಿನವರ ಹೇಳಿಕೆ ಪಡೆದು, ಮಹಜರು ಬರೆದು, ಎರಡೂ ಹೆಸರು ಒಬ್ಬರದೇ ಅಂತ ವರದಿ ಕೊಟ್ಟರು. ಖಾತೆ ಆಯಿತು.

ಪತ್ರ ಬರೆಯುವ ಮೊದಲು ಹೊಸ ಪಹಣಿ ತೆಗೆಸಿ ನೋಡಿ. 9ನೇ ಕಾಲಂನಲ್ಲಿ ವಾರಸುದಾರರ ಹೆಸರು ಬಂದಿರಬೇಕು, 10ರಲ್ಲಿ ಖಾತೆ ಬದಲಾವಣೆಯ ಎಂಆರ್ ನಂಬರ್ ಇರಬೇಕು. "ಆಗಿದೆ ಹೋಗಿ" ಅನ್ನೋ ಮಾತು ಕೇಳಿ ಬರೆದುಬಿಟ್ಟು, ಆಮೇಲೆ ಹೆಸರಲ್ಲಿ ತಪ್ಪು ಕಂಡರೆ ಇಬ್ಬರಿಗೂ ಮುಜುಗರ, ಅಲ್ವಾ?

ವಿಷಯದ ಸಾಲಿನಲ್ಲಿ ಊರು, ಸರ್ವೆ ನಂಬರ್, ಎಂಆರ್ ನಂಬರ್ ಹಾಕಿ. ಆಗ ಯಾರೇ ಓದಿದರೂ ಕಡತ ತೆಗೆದು ನೋಡಬಹುದು. ಆಮೇಲೆ ಅಧಿಕಾರಿ ಏನು ಮಾಡಿದರು ಅನ್ನೋದನ್ನು ಬರೆಯಿರಿ. ಪತ್ರದ ಜೀವ ಇರುವುದೇ ಇಲ್ಲಿ. "ತುಂಬಾ ಸಹಾಯ ಮಾಡಿದಿರಿ" ಅಂದರೆ ಅವರಿಗೂ ಏನೂ ತಿಳಿಯೋದಿಲ್ಲ, ಮೇಲಿನವರಿಗೂ ತಿಳಿಯೋದಿಲ್ಲ. ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ಅಜ್ಜನ ಹೆಸರು ಪಹಣಿಯಲ್ಲಿ ಒಂದು ರೀತಿ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ ಇದ್ದುದರಿಂದ ಪೌತಿ ಖಾತೆ ಬಹಳ ಕಾಲ ಬಾಕಿ ಇತ್ತು. ತಾವು ಖುದ್ದಾಗಿ ಗ್ರಾಮಕ್ಕೆ ಬಂದು ಮಹಜರು ನಡೆಸಿ ವರದಿ ಸಲ್ಲಿಸಿದಿರಿ. ಯಾವ ದಾಖಲೆ ಕಡಿಮೆ ಇದೆ ಎಂದು ನಮ್ಮ ತಾಯಿಗೆ ಕೂರಿಸಿ ಬಿಡಿಸಿ ಹೇಳಿದಿರಿ. ಈಗ ಖಾತೆ ಅವರ ಹೆಸರಿಗೆ ಬಂದಿದೆ. ನಮ್ಮ ಕುಟುಂಬದ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು."

ಇಷ್ಟು ಸಾಕು. "ನಿಯಮ ಬದಿಗಿಟ್ಟು ನಮಗಾಗಿ ಮಾಡಿದಿರಿ" ಅಂತ ಪ್ರೀತಿಯಿಂದಲೂ ಬರೆಯಬೇಡಿ, ಯಾರಾದರೂ ತಕರಾರು ತೆಗೆದರೆ ಆ ಒಂದು ಸಾಲೇ ಅವರ ವಿರುದ್ಧ ಸಾಕ್ಷಿ ಆಗಬಹುದು. ಅವರು ಮಾಡಿದ್ದು ನಿಯಮದ ಪ್ರಕಾರವೇ, ಹಾಗೇ ಬರೆಯಿರಿ. ಹಿಂದೆ ಆ ಜಾಗದಲ್ಲಿದ್ದವರನ್ನು ಬೈಯೋದೂ ಬೇಡ. ಅದು ದೂರು ಆಗುತ್ತದೆ, ಓದುವವರ ಗಮನವೆಲ್ಲ ಅತ್ತ ಹೋಗುತ್ತದೆ.

ಪತ್ರದ ಜೊತೆ ಸ್ವೀಟ್ ಬಾಕ್ಸ್, ಶಾಲು, ಕವರ್ ಏನೂ ಬೇಡ. ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿ ಉಡುಗೊರೆಗೆ ಕಟ್ಟುನಿಟ್ಟು ಇದೆ, ಪ್ರಾಮಾಣಿಕ ಅಧಿಕಾರಿಯನ್ನು ಸುಮ್ನೆ ಇಕ್ಕಟ್ಟಿಗೆ ಸಿಕ್ಕಿಸಿದ ಹಾಗಾಗುತ್ತದೆ. ಅವರಿಗೆ ನಿಜವಾಗಿ ಜಾಸ್ತಿ ಉಪಯೋಗ ಆಗುವುದು ಪತ್ರದ ಕೊನೆಯಲ್ಲಿ "ಪ್ರತಿ: ತಹಶೀಲ್ದಾರರಿಗೆ" ಅಂತ ಬರೆದು ಇನ್ನೊಂದು ಪ್ರತಿಯನ್ನು ತಾಲ್ಲೂಕು ಕಚೇರಿಯ ಟಪಾಲು ವಿಭಾಗಕ್ಕೆ ಕೊಡುವುದು. ಅಲ್ಲಿ ಸೀಲು, ತಾರೀಖು ಹಾಕಿಸಿಕೊಳ್ಳಿ.

ಪೋಡಿಯೋ ಇನ್ನೊಂದೋ ಬಾಕಿ ಇದ್ದರೆ ಅದಕ್ಕೆ ಬೇರೆ ಅರ್ಜಿ ಹಾಕಿ, ಈ ಪತ್ರದಲ್ಲಿ ಸೇರಿಸಬೇಡಿ.